ದರ್ಶಿನಿಯ ಅಸಲು ಲೆಕ್ಕ ಕೂಡಿಬಂದದ್ದು ಹೀಗೆ

ಬಾಡಿಗೆ, ಸಂಬಳ ಸೇರಿ ನಮ್ಮ ದರ್ಶಿನಿಯ ತಿಂಗಳ ಸ್ಥಿರ ಖರ್ಚು 3 ಲಕ್ಷ. ಅದನ್ನು ಒಂದೊಂದು ತಿಂಡಿಗೂ ಹಂಚುವುದನ್ನು ಬಿಟ್ಟು, ಯಾವುದು ಎಷ್ಟರ ಪ್ರಮಾಣದಲ್ಲಿ ಮಾರುತ್ತದೋ ಅದನ್ನೇ ಹತ್ತು ಐಟಂಗಳ ಒಂದು ಕಟ್ಟು ಮಾಡಿದೆ: 5 ಕಾಫಿ, 3 ಇಡ್ಲಿ, 2 ದೋಸೆ.

ಸಾಮಾನಿನ ಖರ್ಚು ಕಳೆದರೆ ಕಾಫಿಗೆ 12, ಇಡ್ಲಿಗೆ 20, ದೋಸೆಗೆ 40 ರೂಪಾಯಿ ಉಳಿಯುತ್ತದೆ, ಕಟ್ಟಿಗೆ 200. ಅಂದರೆ 1,500 ಕಟ್ಟು, 15,000 ಐಟಂ ಮಾರಿದರೆ ಅಸಲು, ಲಾಭವೂ ಇಲ್ಲ ನಷ್ಟವೂ ಇಲ್ಲ. ನಾವು ಮಾರುವುದು 20,000. ಸುರಕ್ಷತಾ ಅಂತರ ಶೇ. 25, ಮಾರಾಟ ಅಷ್ಟು ಕುಸಿದರೂ ನಷ್ಟವಿಲ್ಲ. ನೆಮ್ಮದಿಯೇ ಅನ್ನಿ.

ಆದರೆ ಪ್ರಮಾಣ 7 ಕಾಫಿ, 2 ಇಡ್ಲಿ, 1 ದೋಸೆಗೆ ತಿರುಗಿದರೆ ಕಟ್ಟಿಗೆ ಉಳಿಯುವುದು 164 ಮಾತ್ರ. ಅಸಲಿಗೇ ಸುಮಾರು 18,300 ಐಟಂ ಬೇಕು. ಅದೇ 20,000 ಮಾರಿದರೂ ಲಾಭ 1 ಲಕ್ಷದಿಂದ 28,000ಕ್ಕೆ ಇಳಿಯುತ್ತದೆ. ಈಗ ಪ್ರತಿ ತಿಂಗಳೂ ಬಿಲ್ಲಿಂಗ್ ಮಷೀನಿನಿಂದ ಪ್ರಮಾಣ ತೆಗೆದು ಲೆಕ್ಕ ಹೊಸದಾಗಿ ಹಾಕುತ್ತೇನೆ.