ಸರ್ಕಲ್‌ನಿಂದ ಸರ್ಕಲ್‌ಗೆ: ಬಳ್ಳಾರಿಯಲ್ಲಿ ನನ್ನ ಗಾಡಿಯ ಸೆಕೆಂಡಿನ ಲೆಕ್ಕ

ನನ್ನದು ಛೋಟಾ ಹಾತಿ. ಕೌಲ್ ಬಜಾರ್ ಕಡೆಯ ಹೊಲಿಗೆ ಮನೆಗಳಿಂದ ಜೀನ್ಸ್ ಬಂಡಲ್ ಎತ್ತಿ, ಮೋತಿ ಸರ್ಕಲ್, ರಾಯಲ್ ಸರ್ಕಲ್ ದಾಟಿ, ಊರ ಹೊರಗಿನ ವಾಷಿಂಗ್ ಘಟಕಕ್ಕೆ ಮುಟ್ಟಿಸುತ್ತೇನೆ. ಗಲ್ಲಿ ಸುತ್ತೋದು ಸೇರಿ ಒಂದು ಟ್ರಿಪ್ಪಿಗೆ ಸುಮಾರು 8 ಕಿಲೋಮೀಟರ್. ಊರೊಳಗೆ 35ರ ಮೇಲೆ ನಾನು ಓಡಿಸುವುದಿಲ್ಲ. ಇದನ್ನು ಶುರು ಮಾಡಿದಾಗ ಸಾವ್ಕಾರ್ರು, "ಹಿಂಗ ಓಡಿಸಿದ್ರ ಮಾಲು ಯಾವಾಗ ಮುಟ್ಟತೈತಪ್ಪ? ಟ್ರಿಪ್ಪಿಗೆ ಹತ್ತು ನಿಮಿಷ ತಡ ಆಕೈತಿ" ಅಂದಿದ್ದರು. ಸ್ಟ್ಯಾಂಡಿನ ಡ್ರೈವರ್‌ಗಳೂ ಅದನ್ನೇ ಹೇಳಿದರು. ಹತ್ತು ನಿಮಿಷ ಅಲ್ಲ, ಒಂದೆರಡು ನಿಮಿಷ ಅಂತ ನಾನು ಅಳೆದು ತೋರಿಸಿದೆ. ಈಗ ಸಾವ್ಕಾರ್ರ ಇನ್ನೊಂದು ಗಾಡಿಯೂ ಹಾಗೇ ಓಡುತ್ತಿದೆ.

ಅದಕ್ಕೂ ಮುಂಚೆ ನಾನೂ ಜೋರಾಗಿ ಎಳೆಯುವವನೇ. ಸಿಗ್ನಲ್ ಬಿಟ್ಟ ಕೂಡಲೇ ಮುಂದೆ ಹೋಗಬೇಕು ಅಂತ ತುಂಬಿದ ಗಾಡಿಯನ್ನು ಎರಡನೇ ಗೇರಿನಲ್ಲೇ ಕ್ಲಚ್ ಅರ್ಧ ಒತ್ತಿ ಹಿಡಿದು ಎತ್ತುತ್ತಿದ್ದೆ. ವರ್ಷದೊಳಗೆ ಕ್ಲಚ್ ಪ್ಲೇಟ್ ಸುಟ್ಟಿತು. ಕೂಲಿ ಸೇರಿ ಆರೂವರೆ ಸಾವಿರ ಹೋಯಿತು, ಎರಡು ದಿನ ದುಡಿಮೆಯೂ ಹೋಯಿತು. ಅಷ್ಟು ಖರ್ಚು ಮಾಡಿ ಎಷ್ಟು ಹೊತ್ತು ಉಳಿಸಿದೆ ಅನ್ನೋ ಪ್ರಶ್ನೆ ಆಗ ಹುಟ್ಟಿತು.

ಬೆಳಿಗ್ಗೆ ಐದೂವರೆಗೆ ಖಾಲಿ ರಸ್ತೆಯಲ್ಲಿ ಅಳೆದೆವು. ನಾನು ಸ್ಟೇರಿಂಗ್, ಅಕ್ಕನ ಮಗ ಪಕ್ಕದಲ್ಲಿ ಸ್ಟಾಪ್‌ವಾಚ್. ನಿಂತಲ್ಲಿಂದ ಹೊರಟು ಸ್ಪೀಡೋಮೀಟರ್ ಮುಳ್ಳು 40 ಮುಟ್ಟಿದ ಕೂಡಲೇ ಅವನು ಕಿಟಕಿಯಿಂದ ರಂಗೋಲಿ ಪುಡಿಯ ಪೊಟ್ಟಣ ಬಿಡಬೇಕು. ಆಮೇಲೆ ಇಬ್ಬರೂ ಟೇಪ್ ಹಿಡಿದು ಅಳೆಯೋದು. ಮೊದಲು ಫೋನಿನ ಜಿಪಿಎಸ್ ವೇಗ ನೋಡಿದ್ದೆವು, ಅದು ಕೆಟ್ಟಿತು. ಗಾಡಿ ವೇಗ ಹಿಡಿಯುವಾಗ ಫೋನಿನ ಅಂಕಿ ಒಂದೆರಡು ಸೆಕೆಂಡ್ ಹಿಂದೆ ಇರುತ್ತದೆ. ಒಂದೇ ಜಾಗದಲ್ಲಿ ಮೂರು ಸಲ ಮೂರು ಲೆಕ್ಕ ಬಂತು.

ಮುಳ್ಳನ್ನು ನಂಬಿದ್ದೂ ತಪ್ಪಾಯಿತು. ಹೈವೇಯಲ್ಲಿ 200 ಮೀಟರಿಗೆ ಒಂದು ಚಿಕ್ಕ ಕಲ್ಲು ಇರುತ್ತದಲ್ವಾ, ಹೊಸಪೇಟೆ ರಸ್ತೆಯಲ್ಲಿ ಅವುಗಳ ನಡುವೆ ಮುಳ್ಳನ್ನು 40ಕ್ಕೆ ಹಿಡಿದು ಓಡಿಸಿದೆ. 18 ಸೆಕೆಂಡ್ ಆಗಬೇಕಿತ್ತು, 20 ಆಯಿತು. ಅಂದರೆ ನಿಜವಾದ ವೇಗ 36. ಒಂದು ವಾರದ ಅಳತೆ ದಂಡವಾಯಿತು. ಆಮೇಲೆ ಮುಳ್ಳು 44ಕ್ಕೆ ಬಂದಾಗ 40 ಅಂತ ಹಿಡಿದು ಎಲ್ಲವನ್ನೂ ಮತ್ತೆ ಅಳೆದೆ.

ತುಂಬಿದ ಗಾಡಿ 40 ಮುಟ್ಟಲು ಹೆಚ್ಚುಕಮ್ಮಿ 14 ಸೆಕೆಂಡ್, 95 ಮೀಟರ್ ತೆಗೆದುಕೊಂಡಿತು. ಖಾಲಿ ಇದ್ದಾಗ 10 ಸೆಕೆಂಡ್, 65 ಮೀಟರ್ ಆಸುಪಾಸು. ಶಾಲೆ ಲೆಕ್ಕದಲ್ಲಿ ಸರಾಸರಿ ವೇಗ ಅರ್ಧ ಅಂತ ಹಿಡಿದರೆ ತುಂಬಿದ ಗಾಡಿಗೆ 78 ಮೀಟರ್ ಬರಬೇಕು. ಟೇಪ್ ತಪ್ಪು ಅಂದುಕೊಂಡು ಮೂರು ಸಲ ಅಳೆದೆ. ಟೇಪ್ ಸರಿಯೇ ಇತ್ತು. ಗಾಡಿ ಒಂದೇ ಸಮನೆ ವೇಗ ಹಿಡಿಯುವುದಿಲ್ಲ. ಮೊದಲ ಗೇರುಗಳಲ್ಲಿ ಬೇಗ ಏರುತ್ತದೆ, ಮೂರನೇ ಗೇರಿನಲ್ಲಿ ತೆವಳುತ್ತದೆ. ಹಾಗಾಗಿ 14 ಸೆಕೆಂಡಿನಲ್ಲಿ ಜಾಸ್ತಿ ಹೊತ್ತು 25ರ ಮೇಲೆಯೇ ಇರುತ್ತದೆ, ದೂರವೂ ಜಾಸ್ತಿ ಸಾಗುತ್ತದೆ.

ಇಲ್ಲೇ ಎಲ್ಲರೂ ಎಡವುತ್ತಾರೆ. ವೇಗ ಹಿಡಿಯಲು 14 ಸೆಕೆಂಡ್ ಆದರೆ 14 ಸೆಕೆಂಡ್ ನಷ್ಟ ಅಂತಾರೆ. ಹಾಗಲ್ಲ. ಆ ಹೊತ್ತಿನಲ್ಲಿ 95 ಮೀಟರ್ ಮುಂದೆ ಹೋಗಿರುತ್ತೀರಿ. ನಿಲ್ಲದೆ 40ರಲ್ಲೇ ಬಂದಿದ್ದರೂ ಆ 95 ಮೀಟರಿಗೆ ಎಂಟೂವರೆ ಸೆಕೆಂಡ್ ಬೇಕು. ಅಂದರೆ ನಿಜವಾದ ನಷ್ಟ ಐದೂವರೆ ಸೆಕೆಂಡ್. ಮೆತ್ತಗೆ ಬ್ರೇಕ್ ಹಾಕಿ ನಿಲ್ಲುವಾಗ ಇದೇ ರೀತಿ ಇನ್ನೊಂದು ಮೂರೂವರೆ. ಒಂದು ಸಲ ನಿಂತು ಹೊರಟರೆ ಒಟ್ಟು 9 ಸೆಕೆಂಡ್, ಸುಮ್ನೆ ನಿಂತ ಹೊತ್ತು ಬೇರೆ.

ನನ್ನ ದಾರಿಯಲ್ಲಿ ಸರಾಸರಿ 22 ಸಲ ನಿಲ್ಲುತ್ತೇನೆ. ಇಪ್ಪತ್ತೆರಡು ಒಂಬತ್ತಲೆ ಸುಮಾರು 200 ಸೆಕೆಂಡ್, ಅಂದರೆ ಮೂರು ನಿಮಿಷ ಚಿಲ್ಲರೆ. 8 ಕಿಲೋಮೀಟರನ್ನು 40ರಲ್ಲಿ ನಿಲ್ಲದೆ ಓಡಿದರೆ 12 ನಿಮಿಷ. ಟ್ರಿಪ್ಪಿಗೆ ಆಗುತ್ತಿದ್ದದ್ದು 26 ನಿಮಿಷ. ಉಳಿದ ಹತ್ತು ಹನ್ನೊಂದು ನಿಮಿಷ ಗಾಡಿ ನಿಂತೇ ಇತ್ತು. ಕ್ಲಚ್ ಸುಡುವ ಹಾಗೆ ಎಳೆದು 14 ಸೆಕೆಂಡನ್ನು 11ಕ್ಕೆ ಇಳಿಸಿದರೆ ಒಂದು ಸಲಕ್ಕೆ ಉಳಿಯುವುದು ಬರೀ ಒಂದೂಕಾಲು ಸೆಕೆಂಡ್. ಇಡೀ ಟ್ರಿಪ್ಪಿಗೆ ಅರ್ಧ ನಿಮಿಷವೂ ಇಲ್ಲ. ಅದಕ್ಕೆ ನಾನು ಆರೂವರೆ ಸಾವಿರ ಕೊಟ್ಟಿದ್ದೆ.

ಇನ್ನು 50ರಲ್ಲಿ ಓಡಿಸಿದರೆ ಬೇಗ ಮುಟ್ಟಬಹುದು ಅನ್ನೋ ವಾದ. ಎರಡು ನಿಲುಗಡೆ ನಡುವೆ ನನಗೆ ಸಿಗುವುದು ಸರಾಸರಿ 360 ಮೀಟರ್. ತುಂಬಿದ ಗಾಡಿ 50 ಮುಟ್ಟಲು 22 ಸೆಕೆಂಡ್, 190 ಮೀಟರ್ ಬೇಕು. ನಿಲ್ಲಿಸಲು ಅರವತ್ತು ಚಿಲ್ಲರೆ ಮೀಟರ್. ಉಳಿದದ್ದು ನೂರು ಮೀಟರ್ ಚಿಲ್ಲರೆ, ಅಂದರೆ 50ರ ವೇಗ ಕೈಗೆ ಸಿಗುವುದು ಎಂಟೇ ಸೆಕೆಂಡ್. ಆ 360 ಮೀಟರಿಗೆ ಒಟ್ಟು 39 ಸೆಕೆಂಡ್ ಹಿಡಿಯುತ್ತದೆ. 35ರಲ್ಲಿ ಹೋದರೆ 45. ಕಾಗದದ ಮೇಲೆ ಟ್ರಿಪ್ಪಿಗೆ ಎರಡು ನಿಮಿಷ ವ್ಯತ್ಯಾಸ ಬರುತ್ತದೆ. ರಸ್ತೆಯ ಮೇಲೆ ಅಷ್ಟೂ ಬರುವುದಿಲ್ಲ. ಬೇಗ ಹೋದವನು ಕೆಂಪು ದೀಪದ ಮುಂದೆ ನಿಂತಿರುತ್ತಾನೆ, ನಾನು ಹಿಂದಿನಿಂದ ಬಂದು ಪಕ್ಕದಲ್ಲಿ ನಿಲ್ಲುತ್ತೇನೆ. ಎರಡು ವಾರ ಬರೆದಿಟ್ಟೆ. ನನಗೆ ಜಾಸ್ತಿ ಹಿಡಿದದ್ದು ಟ್ರಿಪ್ಪಿಗೆ ಒಂದು, ಒಂದೂವರೆ ನಿಮಿಷ.

ಡೀಸೆಲ್ ವ್ಯತ್ಯಾಸ ಮಾತ್ರ ದೊಡ್ಡದು. 50ರಿಂದ ನಿಲ್ಲಿಸಿದಾಗ ಬ್ರೇಕಿನಲ್ಲಿ ಬಿಸಿಯಾಗಿ ಹೋಗುವ ಶಕ್ತಿ 35ರಿಂದ ನಿಲ್ಲಿಸಿದ್ದಕ್ಕಿಂತ ಎರಡು ಪಟ್ಟು. ಲೀಟರಿಗೆ 13 ಕೊಡುತ್ತಿದ್ದ ಗಾಡಿ ಹದಿನೈದೂವರೆ ಕೊಡತೊಡಗಿತು. ದಿನಕ್ಕೆ 80 ಕಿಲೋಮೀಟರ್ ಓಡುವ ನನಗೆ ಒಂದು ಲೀಟರ್ ಉಳಿತಾಯ. ಲೀಟರ್ 90 ರೂಪಾಯಿ ಅಂದರೂ ತಿಂಗಳಿಗೆ ಎರಡು ಸಾವಿರದ ಮೇಲೆ. ಟ್ಯಾಂಕ್ ತುಂಬಿಸಿ ತುಂಬಿಸಿ ಎರಡು ತಿಂಗಳು ಚೀಟಿ ಇಟ್ಟಿದ್ದೆ. ಸಾವ್ಕಾರ್ರು ಒಪ್ಪಿದ್ದು ಆ ಚೀಟಿ ನೋಡಿಯೇ.

ಸಿಗ್ನಲ್ ಸಾಲನ್ನೂ ಅಳೆದೆ, ಅದು ಸುಮ್ನೆ ಕುತೂಹಲಕ್ಕೆ. ಹಸಿರು ಬಿದ್ದ ಮೇಲೆ ಹತ್ತನೇ ಗಾಡಿ ಅಲುಗಾಡಲು ಹದಿನೈದು ಸೆಕೆಂಡ್ ಆಗುತ್ತದೆ. ಒಬ್ಬೊಬ್ಬರೂ ಮುಂದಿನವರು ಹೊರಡುವುದನ್ನು ನೋಡಿ ಕ್ಲಚ್ ಬಿಡುತ್ತಾರೆ. ಆಗ ನನಗೆ ಹೊಳೆದದ್ದು, ಸಾಲಿನ ಬಾಲಕ್ಕೆ ಹೋಗಿ ನಿಲ್ಲುವ ಬದಲು ದೂರದಿಂದಲೇ ಆಕ್ಸಿಲರೇಟರ್ ಮೇಲಿನ ಕಾಲು ತೆಗೆದು ಉರುಳುತ್ತಾ ಬಂದರೆ ಹೇಗೆ ಅಂತ. 15ರ ವೇಗದಲ್ಲಿ ಉರುಳುತ್ತಿರುವಾಗ ಸಾಲು ಬಿಚ್ಚಿದರೆ, ಅಲ್ಲಿಂದ 35 ಹಿಡಿಯುವ ನಷ್ಟ ಎರಡು ಸೆಕೆಂಡ್ ಚಿಲ್ಲರೆ. ನಿಂತು ಹೊರಟರೆ ಐದು. ಮೊದಲನೇ ಗೇರಿನ ಕೆಲಸವೂ ಇಲ್ಲ. ಹೀಗೆ 22 ನಿಲುಗಡೆಯಲ್ಲಿ ಏಳೆಂಟನ್ನು ತಪ್ಪಿಸುತ್ತೇನೆ. ಯಾವ ಸರ್ಕಲಿನಲ್ಲಿ ಏನನ್ನು ನೋಡಿ ಎಲ್ಲಿ ಕಾಲು ತೆಗೆಯುತ್ತೇನೆ ಅನ್ನೋದು ನನ್ನ ಬಳಿಯೇ ಇರಲಿ, ಅದನ್ನು ಕಲಿಯಲು ಆರು ತಿಂಗಳು ಹಿಡಿದಿದೆ. ಹಿಂದೆ ಬಸ್ ಒತ್ತಿಕೊಂಡು ಬರುತ್ತಿದ್ದರೆ ಇದನ್ನು ಮಾಡಬೇಡಿ. ಮುಂದೆ ಬಿಟ್ಟ ಜಾಗಕ್ಕೆ ಆಟೋ ನುಗ್ಗಿದರೂ ಲೆಕ್ಕ ಕೆಡುತ್ತದೆ.

ಈ 35ರ ಲೆಕ್ಕ ಊರೊಳಗೆ ಮಾತ್ರ. ಸಿರುಗುಪ್ಪ ರಸ್ತೆಗೆ ಬಿದ್ದು ಮೂರು ಕಿಲೋಮೀಟರ್ ನಿಲ್ಲದೆ ಸಿಕ್ಕರೆ 50ರಲ್ಲಿ ಮೂರೂವರೆ ನಿಮಿಷ ಚಿಲ್ಲರೆ ಸಾಕು, 35ರಲ್ಲಿ ಐದು ನಿಮಿಷ ದಾಟುತ್ತದೆ. ಅಲ್ಲಿ ವೇಗ ಹಿಡಿಯುವ 22 ಸೆಕೆಂಡ್ ಒಂದೇ ಸಲದ ಖರ್ಚು. ಅಲ್ಲಿ ನಾನೂ 50ಕ್ಕೇ ಹೋಗುತ್ತೇನೆ, ಮುಳ್ಳು 55 ತೋರಿಸುತ್ತಿರುತ್ತದೆ.