ಪಾವಗಡದ ಬಿಸಿಲು, ಹತ್ತು ಸ್ಲೈಡಿನಲ್ಲಿ

‘ನವೀಕರಿಸಬಹುದಾದ ಇಂಧನ’ ಎಂದು ಸೆಮಿನಾರಿಗೆ ವಿಷಯ ಕೊಟ್ಟೊಡನೆ ಸೌರ, ಪವನ, ಜಲ, ಜೈವಿಕ ಎಂದು ತಲಾ ಎರಡು ಸ್ಲೈಡ್ ಹಂಚುವವರೇ ಹೆಚ್ಚು. ಅದೆಲ್ಲ ಹೈಸ್ಕೂಲಿನಲ್ಲೇ ಓದಿ ಮುಗಿಸಿದ್ದು. ಬದಲಿಗೆ ಒಂದು ಊರು, ಒಂದು ಪ್ರಶ್ನೆ ಹಿಡಿಯಿರಿ. ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕನ್ನೇ ತೆಗೆದುಕೊಳ್ಳೋಣ.

ಮೊದಲ ಸ್ಲೈಡಿನಲ್ಲಿ ಪ್ರಶ್ನೆಯೇ ಶೀರ್ಷಿಕೆಯಾಗಲಿ: ‘ಹೊತ್ತು ಮುಳುಗಿದ ಮೇಲೆ ಪಾವಗಡದ ಪಾಲನ್ನು ತುಂಬುವವರು ಯಾರು?’ ನಿಮ್ಮ ಹೆಸರು ಕೆಳಗೆ ಸಣ್ಣದಾಗಿದ್ದರೆ ಸಾಕು. ಎರಡನೆಯದು ನಕ್ಷೆ; ಮಳೆ ಕಡಿಮೆ, ಬಿಸಿಲು ಧಾರಾಳ ಎಂದು ಹೇಳಿ ಮುಂದೆ ಸಾಗಿ. ಮೂರನೆಯದು ಜಮೀನು. ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದದ್ದು ಈ ಪಾರ್ಕಿನ ವಿಶೇಷ.

ನಾಲ್ಕರಿಂದ ಏಳರವರೆಗೆ ಸೆಮಿನಾರಿನ ತಿರುಳು. ಅರ್ಧ ಸಮಯ ಇಲ್ಲೇ ಕಳೆಯಿರಿ. ನಾಲ್ಕರಲ್ಲಿ ಒಂದೇ ಅಂಕಿ, ದೊಡ್ಡದಾಗಿ: 2,050 ಮೆಗಾವಾಟ್. ಇದು ಸಾಮರ್ಥ್ಯ, ಉತ್ಪಾದನೆಯಲ್ಲ. ಇವೆರಡನ್ನು ಬೆರೆಸಿದವರನ್ನೇ ಮೇಷ್ಟ್ರು ಹಿಡಿಯುವುದು. ಹಾಗಾಗಿ ಐದರಲ್ಲಿ ಲೆಕ್ಕವನ್ನು ತೆರೆಯ ಮೇಲೇ ಬಿಡಿಸಿ. 24 ಗಂಟೆಯೂ ಪೂರ್ಣ ಓಡಿದರೆ ದಿನಕ್ಕೆ 4.92 ಕೋಟಿ ಯೂನಿಟ್. ರಾತ್ರಿ, ಮೋಡ, ಎಳೆಬಿಸಿಲು ಕಳೆದು 22 ಶೇಕಡಾ ದಕ್ಕುತ್ತದೆ ಎಂದು ಇಟ್ಟುಕೊಂಡರೆ ಸುಮಾರು 1.08 ಕೋಟಿ. ಆ 22 ನಿಮ್ಮ ಊಹೆ ಎಂಬುದನ್ನು ಸ್ಲೈಡಿನಲ್ಲೇ ಬರೆಯಿರಿ.

ಆರನೆಯದು ದಿನದ ಗ್ರಾಫ್. ಅಡ್ಡಕ್ಕೆ ಗಂಟೆ, ಎರಡೇ ಗೆರೆ: ಮಧ್ಯಾಹ್ನ ಗುಡ್ಡದಂತೆ ಏರಿ ಇಳಿಯುವ ಸೌರ ವಿದ್ಯುತ್, ಸಂಜೆಯಾದರೂ ಇಳಿಯದ ಬೇಡಿಕೆ. ಪಾವಗಡದ ಪ್ರತ್ಯೇಕ ಅಂಕಿ ಸಿಗದಿದ್ದರೆ ಇಡೀ ರಾಜ್ಯದ್ದನ್ನು ಬಳಸಿ, ಹಾಗೆಂದು ನಮೂದಿಸಿ. ಗೆರೆಗಳ ನಡುವಿನ ಅಂತರವನ್ನು ಬಣ್ಣ ತುಂಬಿ ತೋರಿಸಿದರೆ ಮಾತು ಅರ್ಧ ಉಳಿಯುತ್ತದೆ. ಏಳರಲ್ಲಿ ಆ ಅಂತರಕ್ಕೆ ಶರಾವತಿಯನ್ನು ತನ್ನಿ. 1,035 ಮೆಗಾವಾಟಿನ ಆ ಜಲವಿದ್ಯುದಾಗಾರದ ಯಂತ್ರಗಳು ನೀರು ಬಿಟ್ಟ ಕೆಲವೇ ನಿಮಿಷಗಳಲ್ಲಿ ತಿರುಗುತ್ತವೆ. ಕಲ್ಲಿದ್ದಲ ಸ್ಥಾವರ ಅಷ್ಟು ಚುರುಕಲ್ಲ.

ಎಂಟರಲ್ಲಿ ಬ್ಯಾಟರಿ ಮತ್ತು ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿಡುವ ಪಂಪ್ಡ್ ಸ್ಟೋರೇಜ್. ಎತ್ತುವಾಗ, ಇಳಿಸುವಾಗ ಐದರಲ್ಲೊಂದು ಪಾಲಿನಷ್ಟು ವಿದ್ಯುತ್ ಸೋರಿಹೋಗುತ್ತದೆ ಎಂಬುದನ್ನು ಮುಚ್ಚಿಡಬೇಡಿ. ಒಂಬತ್ತು, ಮಿತಿ: ಮಳೆ ಕೈಕೊಟ್ಟ ವರ್ಷ ಶರಾವತಿಯ ಲಿಂಗನಮಕ್ಕಿ ಜಲಾಶಯವೇ ಬರಿದಾದರೆ?

ಹತ್ತನೆಯದು ‘ಧನ್ಯವಾದಗಳು’ ಅಲ್ಲ. ಮೊದಲ ಪ್ರಶ್ನೆಗೆ ಒಂದು ವಾಕ್ಯದ ಉತ್ತರ, ಪಕ್ಕದಲ್ಲಿ ಆರನೆಯ ಗ್ರಾಫ್ ಚಿಕ್ಕದಾಗಿ. ಚರ್ಚೆ ನಡೆಯುವಷ್ಟು ಹೊತ್ತು ತೆರೆಯ ಮೇಲೆ ಇದೇ ಇರಲಿ.

ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಪಿಡಿಎಫ್ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಹಳೆಯ ಫಾಂಟಾದರೆ ಕಾಲೇಜಿನ ಕಂಪ್ಯೂಟರಿನಲ್ಲಿ ಪಾವಗಡ ಎಂಬ ಹೆಸರೂ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ.