ಭಾನುವಾರದ ಉದ್ದ ಓಟಕ್ಕೆ ಏನು ತಿನ್ನಬೇಕು, ಎಷ್ಟು ಕುಡಿಯಬೇಕು?

ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ, ಒಂದು ಬಾಟಲಿ ನೀರು ಗಟಗಟ ಕುಡಿಯುತ್ತಾರೆ, ಓಡಲು ಶುರು ಮಾಡುತ್ತಾರೆ. 14ನೇ ಕಿಲೋಮೀಟರಿನ ಹೊತ್ತಿಗೆ ಕಾಲು ಏಳುವುದಿಲ್ಲ. 60 ಕೆಜಿ ತೂಕದವರು ಬೆಳಿಗ್ಗೆ 5.30ಕ್ಕೆ ಹೊರಟು ಎರಡು ಗಂಟೆ ಓಡುತ್ತಾರೆ ಅಂದುಕೊಂಡು ಲೆಕ್ಕ ಹೇಳುತ್ತೇನೆ.

ಹಿಂದಿನ ರಾತ್ರಿ: ಅನ್ನ, ತಿಳಿಸಾರು, ಮೊಸರು ಸಾಕು. ಕಾಳಿನ ಹುಳಿ, ಕರಿದ ತಿಂಡಿ ಬೇಡ.

4.30ಕ್ಕೆ: ಮಲಗಿದ್ದಾಗ ಸ್ನಾಯುಗಳ ಸಕ್ಕರೆ ದಾಸ್ತಾನು ಬಹುಪಾಲು ಹಾಗೇ ಇರುತ್ತದೆ. ಆದರೆ ಲಿವರಿನದು ಕರಗಿರುತ್ತದೆ. ಅದಕ್ಕೇ ಒಂದು ಗಂಟೆ ಮುಂಚೆ ಕೆಜಿಗೆ ಒಂದು ಗ್ರಾಂನಂತೆ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಜಾಮ್ ಸವರಿದ ಎರಡು ಬ್ರೆಡ್, ಒಂದು ಪಚ್ಚಬಾಳೆ ತಿಂದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಜೊತೆಗೆ ಒಂದೂವರೆ ಲೋಟ ನೀರನ್ನು ನಿಧಾನವಾಗಿ ಕುಡಿಯಿರಿ. ಅಷ್ಟು ಬೇಗ ಏಳಲು ಆಗದಿದ್ದರೆ ಹೊರಡುವ ಮುಂಚೆ ಅರ್ಧ ಬಾಳೆಹಣ್ಣು ತಿಂದು, ಉಳಿದದ್ದನ್ನು ದಾರಿಯಲ್ಲಿ ತುಂಬಿಸಿಕೊಳ್ಳಿ.

ಓಡುವಾಗ: 40ನೇ ನಿಮಿಷದಿಂದ ಶುರು ಮಾಡಿ, ಗಂಟೆಗೆ 30 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಳ್ಳಿ. ನೀರಿಗೆ ಆರು ಚಮಚ ಗ್ಲೂಕೋಸ್ ಪುಡಿ, ಚಿಟಿಕೆ ಉಪ್ಪು ಹಾಕಿದರೂ ನಡೆಯುತ್ತದೆ. ದುಬಾರಿ ಜೆಲ್ ಬೇಕೇ ಬೇಕು ಅಂತೇನಿಲ್ಲ. ತಂದರೂ ಮೊದಲ ಸಲ ರೇಸಿನ ದಿನವೇ ತಿನ್ನಬೇಡಿ, ಹೊಟ್ಟೆ ಕೆಡಬಹುದು.

ನೀರಿನ ಲೆಕ್ಕ: ಎಲ್ಲರೂ ಎಡವುವುದು ಇಲ್ಲಿ. ಎಷ್ಟು ಬೆವರುತ್ತೀರಿ ಅನ್ನುವುದನ್ನು ತಕ್ಕಡಿ ಹೇಳಬೇಕು, ಅಂದಾಜು ಸಾಲದು. ಹೊರಡುವ ಮುಂಚೆ ಮೂತ್ರ ಮಾಡಿ, ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಬಂದ ಮೇಲೆ ಬೆವರು ಒರೆಸಿ, ಒದ್ದೆ ಬಟ್ಟೆ ತೆಗೆದು ಮತ್ತೆ ನೋಡಿ. ಒದ್ದೆ ಟೀಶರ್ಟ್ ಬಿಚ್ಚದೆ ನಿಂತರೆ ಲೆಕ್ಕ ತಪ್ಪುತ್ತದೆ. 60 ಇದ್ದದ್ದು 58.8 ಆಯಿತು, ದಾರಿಯಲ್ಲಿ 400 ಮಿಲೀ ಕುಡಿದಿದ್ದಿರಿ ಅನ್ನಿ. ಒಟ್ಟು ಬೆವರು ಸುಮಾರು 1.6 ಲೀಟರ್, ಅಂದರೆ ಗಂಟೆಗೆ 800 ಮಿಲೀ. ಇನ್ನೂ ತುಂಬಬೇಕಾದದ್ದು 1.2 ಲೀಟರ್. ಕುಡಿದದ್ದರಲ್ಲಿ ಸ್ವಲ್ಪ ಮೂತ್ರವಾಗಿ ಹೋಗುವುದರಿಂದ, ಮುಂದಿನ ಮೂರ್ನಾಲ್ಕು ಗಂಟೆಗಳಲ್ಲಿ ಒಂದೂವರೆ ಲೀಟರಿನಷ್ಟು ಕುಡಿಯಿರಿ. ಒಂದೇ ಸಲಕ್ಕೆ ಬೇಡ. ಉಪ್ಪಿರುವ ಮಜ್ಜಿಗೆ, ಸಾರು ಸೇರಿದರೆ ನೀರು ಮೈಯಲ್ಲಿ ನಿಲ್ಲುತ್ತದೆ. ಓಆರ್‌ಎಸ್ ಕೊಳ್ಳುವುದಾದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರುವ ಪುಡಿ ಪೊಟ್ಟಣವನ್ನೇ ಕೇಳಿ. ಅದೇ ಥರ ಕಾಣುವ ಸಿಹಿ ಪಾನೀಯಗಳಲ್ಲಿ ಸಕ್ಕರೆ ಜಾಸ್ತಿ, ಉಪ್ಪು ಕಡಿಮೆ.

ಓಡಿ ಬಂದ ಮೇಲೆ ತೂಕ ಏರಿದೆಯೇ? ಹಾಗಾದರೆ ನೀರು ಜಾಸ್ತಿಯಾಗಿದೆ, ಮತ್ತೆ ಕುಡಿಯಬೇಡಿ. ರಕ್ತದಲ್ಲಿ ಸೋಡಿಯಂ ಇಳಿಯುವುದು ಅಪಾಯ. ಬೆರಳು ಊದಿಕೊಂಡು ತಲೆನೋವು, ವಾಂತಿ, ಗೊಂದಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತಿಂಡಿ: ಒಂದು ಗಂಟೆಯೊಳಗೆ ನಾಲ್ಕೈದು ಇಡ್ಲಿ, ಸಾಂಬಾರು, ಎರಡು ಮೊಟ್ಟೆ ಅಥವಾ ಪನೀರ್. ಕಾಫಿ ಕುಡಿಯಿರಿ, ಆದರೆ ತಿಂಡಿಯ ಜೊತೆಗೆ. ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದರೆ ಇರುವವರು ಈ ಅಳತೆಗಳನ್ನು ಮೊದಲು ವೈದ್ಯರಿಗೆ ತೋರಿಸಿ.